ಹೆಸರು ಒಂದೇ, ಫೈಲ್ ಬೇರೆ: ಗೇಮ್ ತೆರೆಯಗೊಡದ 0xc000007b

ಹತ್ತಾರು ಜಿಬಿಯ ಗೇಮ್ ಡೌನ್‌ಲೋಡ್ ಆಗಿ ಮುಗಿಯುವಷ್ಟರಲ್ಲಿ ಒಂದು ರಾತ್ರಿಯೇ ಕಳೆದಿರುತ್ತದೆ. ಬೆಳಿಗ್ಗೆ ಆಸೆಯಿಂದ ಐಕಾನ್ ಒತ್ತಿದರೆ ಗೇಮ್ ಬದಲು ಒಂದು ಪುಟ್ಟ ಪೆಟ್ಟಿಗೆ ಎದುರಾಗುತ್ತದೆ:

```
The application was unable to start correctly (0xc000007b).
Click OK to close the application.
```

ಓಕೆ ಒತ್ತಿದರೆ ಪೆಟ್ಟಿಗೆ ಮಾಯವಾಗುತ್ತದೆ, ಗೇಮ್ ಮಾತ್ರ ಬರುವುದಿಲ್ಲ. ತೊಂದರೆ ಯಾವ ಫೈಲ್‌ನಲ್ಲಿದೆ ಎಂಬ ಸುಳಿವನ್ನೂ ವಿಂಡೋಸ್ ಕೊಡುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿತೇನೋ, ರ‍್ಯಾಮ್ ಸಾಲದೇನೋ ಎಂದು ಜನ ಗಾಬರಿಯಾಗುತ್ತಾರೆ. ದುಡ್ಡು ಕೊಟ್ಟು ವಿಂಡೋಸನ್ನೇ ಹೊಸದಾಗಿ ಹಾಕಿಸಿಕೊಂಡವರೂ ಇದ್ದಾರೆ. ಬಹುಪಾಲು ಸಲ ಅದು ಬೇಕಿರಲಿಲ್ಲ. ತಪ್ಪು ಜಾಗದಲ್ಲಿ ಕೂತ ಒಂದೇ ಒಂದು ಫೈಲ್ ಇಷ್ಟಕ್ಕೆಲ್ಲ ಕಾರಣವಾಗಿರುತ್ತದೆ.

ಯಾವ ಗೇಮೂ ತನ್ನ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುವುದಿಲ್ಲ. ಪಠ್ಯ ಜೋಡಿಸುವುದು, ಸಮಯ ಲೆಕ್ಕ ಹಾಕುವುದು, ಗೇಮ್‌ಪ್ಯಾಡ್‌ನ ಗುಂಡಿ ಒತ್ತಿದ್ದನ್ನು ತಿಳಿಯುವುದು ಮುಂತಾದ ಸಾಮಾನ್ಯ ಕೆಲಸಗಳಿಗೆ ಮೊದಲೇ ಬರೆದಿಟ್ಟ ಲೈಬ್ರರಿಗಳಿರುತ್ತವೆ. ವಿಂಡೋಸ್‌ನಲ್ಲಿ ಇವುಗಳ ಹೆಸರು .dll ಎಂದು ಕೊನೆಗೊಳ್ಳುತ್ತದೆ. ಗೇಮ್ ಶುರುವಾಗುವ ಕ್ಷಣದಲ್ಲಿ, ಪರದೆಯ ಮೇಲೆ ಏನೂ ಮೂಡುವ ಮೊದಲೇ, ವಿಂಡೋಸ್ ಈ ಲೈಬ್ರರಿಗಳನ್ನೆಲ್ಲ ಹುಡುಕಿ ಗೇಮ್‌ನ ಜೊತೆ ಮೆಮೊರಿಗೆ ತರುತ್ತದೆ. ಇಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಗೇಮ್ 64 ಬಿಟ್‌ನದಾದರೆ ಅದು ಕರೆಯುವ ಲೈಬ್ರರಿಯೂ 64 ಬಿಟ್‌ನದೇ ಆಗಿರಬೇಕು. 32 ಆದರೆ 32.

ಕಾರಣ ಸರಳ. 32 ಬಿಟ್ ಪ್ರೋಗ್ರಾಂ ಮೆಮೊರಿಯ ವಿಳಾಸವನ್ನು ನಾಲ್ಕು ಬೈಟ್‌ಗಳಲ್ಲಿ ಬರೆದುಕೊಳ್ಳುತ್ತದೆ, 64 ಬಿಟ್‌ನದು ಎಂಟು ಬೈಟ್‌ಗಳಲ್ಲಿ. ಗೇಮ್ ಕೊಟ್ಟ ಎಂಟು ಬೈಟ್‌ಗಳ ವಿಳಾಸದಲ್ಲಿ ಲೈಬ್ರರಿ ಅರ್ಧವನ್ನಷ್ಟೇ ಓದಿಕೊಂಡರೆ ಅದು ತಲುಪುವುದು ಬೇರೆ ಯಾವುದೋ ಜಾಗವನ್ನು. ಪ್ರೊಸೆಸರ್ ಸೂಚನೆಗಳನ್ನು ಅರ್ಥಮಾಡಿಕೊಳ್ಳುವ ರೀತಿಯೂ ಎರಡರಲ್ಲಿ ಬೇರೆ. ಹಾಗಾಗಿ ಅಂಥ ಜೋಡಿಯನ್ನು ಓಡಿಸಿ ಆಮೇಲೆ ಕುಸಿಯಲು ಬಿಡುವ ಬದಲು ವಿಂಡೋಸ್ ಬಾಗಿಲಲ್ಲೇ ತಡೆಯುತ್ತದೆ. ಆ ತಡೆಯ ಸಂಖ್ಯೆಯೇ 0xc000007b.

ಸರಿ, ತಪ್ಪು ಲೈಬ್ರರಿ ಅಲ್ಲಿಗೆ ಬಂದದ್ದಾದರೂ ಹೇಗೆ? ಸಾಮಾನ್ಯವಾಗಿ ಅದನ್ನು ತಂದು ಹಾಕಿದವರು ನಾವೇ.

ಹೊಸದಾಗಿ ವಿಂಡೋಸ್ ಹಾಕಿದ ಲ್ಯಾಪ್‌ಟಾಪ್ ಒಂದನ್ನು ತೆಗೆದುಕೊಳ್ಳೋಣ. ಅದರಲ್ಲಿ 64 ಬಿಟ್ ಗೇಮ್ ತೆರೆದಾಗ ಮೊದಲ ದಿನ ಬಂದದ್ದು ಬೇರೆಯದೇ ದೂರು: MSVCP140.dll ಸಿಗುತ್ತಿಲ್ಲ. ಇದು ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ಬಳಸಿ ಕಟ್ಟಿದ ಪ್ರೋಗ್ರಾಂಗಳಿಗೆ ಬೇಕಾಗುವ ಲೈಬ್ರರಿ. ಹುಡುಗ ಆ ಹೆಸರನ್ನು ಹುಡುಕಿ, ಬಿಡಿ ಡಿಎಲ್ಎಲ್ ಹಂಚುವ ಯಾವುದೋ ತಾಣದಿಂದ ಫೈಲ್ ಇಳಿಸಿಕೊಂಡ. 32 ಬಿಟ್‌ನದೋ 64 ಬಿಟ್‌ನದೋ ಎಂದು ನೋಡಲಿಲ್ಲ; ಎರಡಕ್ಕೂ ಹೆಸರು ಒಂದೇ. ಅಲ್ಲಿ ಹೇಳಿದ್ದಂತೆ C:\Windows\System32 ಫೋಲ್ಡರ್‌ಗೆ ಹಾಕಿದ. ಮತ್ತೆ ಗೇಮ್ ತೆರೆದರೆ ಹಳೆಯ ದೂರು ಹೋಗಿ 0xc000007b ಬಂದಿತ್ತು. ಫೈಲ್ ಈಗ ಸಿಕ್ಕಿದೆ, ಆದರೆ ಸಿಕ್ಕಿದ್ದು 32 ಬಿಟ್‌ನದು.

ಫೋಲ್ಡರ್‌ಗಳ ಹೆಸರೂ ಇಲ್ಲಿ ಜನರನ್ನು ದಾರಿ ತಪ್ಪಿಸುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ System32 ಒಳಗಿರುವುದು 64 ಬಿಟ್ ಲೈಬ್ರರಿಗಳು. 32 ಬಿಟ್‌ನವು ಇರುವುದು SysWOW64 ಎಂಬ ಫೋಲ್ಡರ್‌ನಲ್ಲಿ. ಹೌದು, ಓದಿದರೆ ತಿರುಗುಮುರುಗಾಗಿಯೇ ಕಾಣುತ್ತದೆ. ಎಷ್ಟೋ ಹಳೆಯ ಪ್ರೋಗ್ರಾಂಗಳು System32 ಎಂಬ ದಾರಿಯನ್ನು ತಮ್ಮೊಳಗೇ ಬರೆದುಕೊಂಡಿದ್ದವು. ಅವು 64 ಬಿಟ್‌ಗೆ ಬಂದಾಗಲೂ ಕೆಡಬಾರದೆಂದು ಮೈಕ್ರೋಸಾಫ್ಟ್ ಹಳೆಯ ಹೆಸರನ್ನೇ ಉಳಿಸಿತು. 32 ಬಿಟ್ ಪ್ರೋಗ್ರಾಂ ಒಂದು System32 ಕೇಳಿದರೆ ವಿಂಡೋಸ್ ಸದ್ದಿಲ್ಲದೆ ಅದನ್ನು SysWOW64 ಕಡೆಗೆ ತಿರುಗಿಸುತ್ತದೆ. ಹೀಗಾಗಿ 32 ಬಿಟ್‌ನ ಫೈಲ್ ಮ್ಯಾನೇಜರ್‌ನಿಂದ System32ಗೆ ನಕಲು ಮಾಡಿದ ಫೈಲ್ ಕೂಡ ಸೇರುವುದು SysWOW64 ಅನ್ನು.

ಫೈಲ್‌ನ ಪ್ರಾಪರ್ಟೀಸ್ ನೋಡಿದರೆ ಅದು ಎಷ್ಟು ಬಿಟ್‌ನದೆಂದು ತಿಳಿಯುವುದಿಲ್ಲ. ಹಾಗೆಂದು ತಿಳಿಯಲು ವಿಶೇಷ ಉಪಕರಣವೇನೂ ಬೇಕಿಲ್ಲ, ನೋಟ್‌ಪ್ಯಾಡ್ ಸಾಕು. ಅನುಮಾನವಿರುವ ಡಿಎಲ್ಎಲ್‌ನ ಒಂದು ನಕಲನ್ನು ಡೆಸ್ಕ್‌ಟಾಪ್‌ಗೆ ಹಾಕಿಕೊಂಡು ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ತುಂಬ ಅರ್ಥವಾಗದ ಚಿಹ್ನೆಗಳೇ ಕಾಣುತ್ತವೆ. ಮೇಲಿನ ಕೆಲವು ಸಾಲುಗಳೊಳಗೇ PE ಎಂಬ ಎರಡು ದೊಡ್ಡ ಅಕ್ಷರಗಳಿರುತ್ತವೆ. ಅದರ ಬಳಿಕ, ಸ್ವಲ್ಪ ಜಾಗ ಬಿಟ್ಟು, L ಇದ್ದರೆ ಅದು 32 ಬಿಟ್‌ನದು. d† ಇದ್ದರೆ 64 ಬಿಟ್‌ನದು. ವಿಂಡೋಸ್ ನೋಡುವ ಗುರುತೂ ಇದೇ: 32ಕ್ಕೆ 0x014c, 64ಕ್ಕೆ 0x8664. ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಬೇಕು.

ಹಲವು ಫೈಲ್‌ಗಳ ಮೇಲೆ ಅನುಮಾನವಿದ್ದರೆ ಮೈಕ್ರೋಸಾಫ್ಟ್‌ನದೇ ಉಚಿತ ಪ್ರೋಗ್ರಾಂ ಪ್ರೊಸೆಸ್ ಮಾನಿಟರ್ ನೆರವಾಗುತ್ತದೆ. ಗೇಮ್ ತೆರೆಯಲು ಯತ್ನಿಸಿದಾಗ ಅದು ಯಾವ ಫೋಲ್ಡರ್‌ನಿಂದ ಯಾವ ಡಿಎಲ್ಎಲ್ ಓದಿತೆಂಬುದನ್ನು ಇದು ಸಾಲುಸಾಲಾಗಿ ತೋರಿಸುತ್ತದೆ. ಪೆಟ್ಟಿಗೆ ಬರುವುದಕ್ಕೆ ಸ್ವಲ್ಪ ಮೊದಲು ಓದಿದ ಫೈಲ್‌ಗಳಲ್ಲೇ ಹೆಚ್ಚಾಗಿ ಕಳ್ಳ ಸಿಕ್ಕಿಬೀಳುತ್ತಾನೆ. ಗೇಮ್‌ನ ಸ್ವಂತ ಫೋಲ್ಡರನ್ನೂ ನೋಡಬೇಕು, ಏಕೆಂದರೆ ಇಂಥ ಲೈಬ್ರರಿಗಳ ಹುಡುಕಾಟ ಶುರುವಾಗುವುದೇ ಅಲ್ಲಿಂದ. ಕಡಿಮೆ ಬೆಲೆಯ ಯುಎಸ್‌ಬಿ ಗೇಮ್‌ಪ್ಯಾಡನ್ನು ಎಕ್ಸ್‌ಬಾಕ್ಸ್ ಪ್ಯಾಡ್‌ನಂತೆ ಕೆಲಸ ಮಾಡಿಸಲು ಹಲವರು x360ce ಬಳಸುತ್ತಾರೆ. ಅದರ ಹಳೆಯ ಆವೃತ್ತಿಗಳು ಗೇಮ್ ಪಕ್ಕದಲ್ಲಿ xinput1_3.dll ಎಂಬ ಫೈಲ್ ಇಡುತ್ತವೆ. 64 ಬಿಟ್ ಗೇಮ್‌ಗೆ ಅದರ 32 ಬಿಟ್ ಆವೃತ್ತಿ ಹಾಕಿದರೆ ಇದೇ ಸಂಖ್ಯೆ ಬರಬಹುದು.

ಆ ಲ್ಯಾಪ್‌ಟಾಪ್‌ಗೆ ಮರಳಿದರೆ, ಅಲ್ಲಿ ಆಗಬೇಕಾದ ಮೊದಲ ಕೆಲಸ ತಂದು ಹಾಕಿದ ಫೈಲನ್ನು ತೆಗೆಯುವುದು. ಇದನ್ನು ಬಿಟ್ಟು ನೇರ ಇನ್‌ಸ್ಟಾಲ್‌ಗೆ ಕೈಹಾಕುವವರು ಸೋಲುವುದಕ್ಕೆ ಒಂದು ಕಾರಣವಿದೆ: ಇನ್‌ಸ್ಟಾಲರ್ ಫೈಲ್‌ನ ಆವೃತ್ತಿ ಸಂಖ್ಯೆಯನ್ನು ಹೋಲಿಸುತ್ತದೆ, ಅಲ್ಲಿರುವುದು ಹೊಸತೆಂದು ಕಂಡರೆ ಅದನ್ನು ಹಾಗೇ ಬಿಡುತ್ತದೆ. ಫೈಲ್ ತೆಗೆದ ಮೇಲೆ ಮೈಕ್ರೋಸಾಫ್ಟ್ ತಾಣದಿಂದ ವಿಷುವಲ್ ಸಿ++ ಪ್ಯಾಕೇಜ್‌ನ ಎರಡೂ ರೂಪಗಳನ್ನು ಇಳಿಸಿಕೊಂಡು ಹಾಕಬೇಕು:

```
vc_redist.x86.exe
vc_redist.x64.exe
```

ಮೊದಲಿನದು 32 ಬಿಟ್ ಪ್ರೋಗ್ರಾಂಗಳಿಗೆ, ಎರಡನೆಯದು 64 ಬಿಟ್‌ನವಕ್ಕೆ. ಕಂಪ್ಯೂಟರ್ 64 ಬಿಟ್ ಎಂದು ಎರಡನೆಯದನ್ನಷ್ಟೇ ಹಾಕಿ ಬಿಟ್ಟರೆ ನಾಳೆ ಹಳೆಯ ಗೇಮ್ ಒಂದು ತಕರಾರು ತೆಗೆಯುತ್ತದೆ. ಈಗಾಗಲೇ ಹಾಕಿದ್ದರೆ ಅದೇ ಇನ್‌ಸ್ಟಾಲರ್ ತೆರೆದು ರಿಪೇರ್ ಒತ್ತಬೇಕು. 2010, 2012, 2013ರ ವಿಷುವಲ್ ಸಿ++ ಬಳಸಿದ ಗೇಮ್‌ಗಳಿಗೆ ಆಯಾ ವರ್ಷದ ಪ್ಯಾಕೇಜೇ ಬೇಕು. ಸ್ಟೀಮ್‌ನಲ್ಲಿ ಕೊಂಡ ಗೇಮ್ ಆದರೆ ಕೆಲವೊಮ್ಮೆ ಇವು ಗೇಮ್‌ನ ಫೋಲ್ಡರ್‌ನೊಳಗೆ _CommonRedist ಎಂಬಲ್ಲಿ ಸಿದ್ಧವಾಗಿಯೇ ಇರುತ್ತವೆ. ತಪ್ಪಾಗಿ ಕೂತದ್ದು d3dx9_43.dll ಅಥವಾ xinput1_3.dll ಆಗಿದ್ದರೆ ಹಾಕಬೇಕಾದದ್ದು ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ಪ್ಯಾಕೇಜ್.

ವಿಂಡೋಸ್‌ನ ಸ್ವಂತ ಫೈಲ್‌ನ ಮೇಲೆಯೇ ಬೇರೆಯದನ್ನು ಹಾಕಿಬಿಟ್ಟಿದ್ದರೆ ಮಾತ್ರ sfc /scannow ಎಂಬ ಆಜ್ಞೆಯನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕು. ಇಷ್ಟಾದ ಮೇಲೂ ಅದೇ ಸಂಖ್ಯೆ ಬರುತ್ತಿದ್ದರೆ ಬಿಟ್‌ಗಳ ಗೊಂದಲವಲ್ಲದ ಕಾರಣವನ್ನು ಯೋಚಿಸಬೇಕು. ಅರ್ಧಕ್ಕೇ ನಿಂತ ಡೌನ್‌ಲೋಡ್‌ನಿಂದ ಹಾಳಾದ ಡಿಎಲ್ಎಲ್ ಕೂಡ ಇದೇ 0xc000007b ಕೊಡುತ್ತದೆ. ಆಗ ಸ್ಟೀಮ್‌ನಲ್ಲಿ ಗೇಮ್‌ನ ಪ್ರಾಪರ್ಟೀಸ್ ತೆರೆದು ಫೈಲ್‌ಗಳನ್ನು ಪರಿಶೀಲಿಸುವ ಆಯ್ಕೆ ಒತ್ತಿದರೆ, ಕೆಟ್ಟ ಫೈಲ್‌ಗಳನ್ನಷ್ಟೇ ಅದು ಮತ್ತೆ ಇಳಿಸಿಕೊಳ್ಳುತ್ತದೆ; ಇಡೀ ಗೇಮನ್ನು ಮತ್ತೆ ಡೌನ್‌ಲೋಡ್ ಮಾಡಬೇಕಾಗುವುದಿಲ್ಲ.