ಮಿದುಳು ಕಾಂಡದ ಪರೀಕ್ಷೆ: ಮನೆಯವರ ಕೈಗೆ ಕೊಡುವ ಪತ್ರದಲ್ಲಿ ಏನಿರಬೇಕು?

ತುರುವನೂರಿನ ಕಡೆ ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾದವರನ್ನು ಮೊದಲು ಚಿತ್ರದುರ್ಗಕ್ಕೆ, ಅಲ್ಲಿಂದ ದಾವಣಗೆರೆಗೋ ಬೆಂಗಳೂರಿಗೋ ಒಯ್ಯುತ್ತಾರೆ. ಐಸಿಯು ಹೊರಗೆ ಎರಡು ದಿನ ನಿದ್ದೆಗೆಟ್ಟು ಕುಳಿತ ಮನೆಯವರಿಗೆ, ‘ಬ್ರೈನ್ ಡೆಡ್ ಆಗಿದೆ, ಅಂಗಾಂಗ ದಾನದ ಬಗ್ಗೆ ಯೋಚನೆ ಮಾಡಿ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ, ಮೊದಲ ಮಾತು ಕಿವಿಗೆ ಬೀಳುವುದೇ ಇಲ್ಲ. ‘ದಾನಕ್ಕೋಸ್ಕರ ಹೀಗೆ ಹೇಳುತ್ತಿದ್ದಾರೆಯೇ?’ ಎಂಬ ಅನುಮಾನ ಮಾತ್ರ ಉಳಿಯುತ್ತದೆ. ವಾಸ್ತವದಲ್ಲಿ ಇವು ಎರಡು ಬೇರೆ ವಿಷಯಗಳು. ಈ ಲೇಖನ ಮೊದಲನೆಯದರ ಬಗ್ಗೆ ಮಾತ್ರ.

ನಟ ಸಂಚಾರಿ ವಿಜಯ್ ಅವರ ಪ್ರಕರಣ ನಮ್ಮಲ್ಲಿ ಅನೇಕರಿಗೆ ನೆನಪಿದೆ. 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಯಿತು, ತಲೆಗೆ ತೀವ್ರ ಪೆಟ್ಟು ಬಿತ್ತು. ಜೂನ್ 14ರಂದು ಮೆದುಳು ನಿಷ್ಕ್ರಿಯವಾಗಿದೆ ಎಂಬ ಸುದ್ದಿಯೂ ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದ್ದಾರೆ ಎಂಬ ಸುದ್ದಿಯೂ ಒಟ್ಟಿಗೇ ಬಂದವು. ಕೆಲವರು ಅಂದೇ ಶ್ರದ್ಧಾಂಜಲಿ ಹೇಳಿದರು. ನಿಧನದ ಘೋಷಣೆ ಬಂದದ್ದು ಮಾತ್ರ 15ರಂದು. ನಡುವಿನ ಆ ಹೊತ್ತಿನಲ್ಲಿ ‘ಹೋಗಿದ್ದಾರಾ, ಇದ್ದಾರಾ?’ ಎಂದು ಇಡೀ ನಾಡು ಕೇಳಿತು. ‘ನಿಷ್ಕ್ರಿಯ’ ಎಂಬ ಪದವೇ ಗೊಂದಲದ್ದು. ನಿಂತ ಯಂತ್ರ ಮತ್ತೆ ನಡೆಯಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ.

ಮಿದುಳಿನ ಬುಡದಲ್ಲಿ, ಬೆನ್ನುಹುರಿಗೆ ಕೂಡುವ ಕಡೆ ಇರುವ ಭಾಗವೇ ಮಿದುಳು ಕಾಂಡ. ಎಚ್ಚರ ಮತ್ತು ಉಸಿರಾಟ ಎರಡನ್ನೂ ನಡೆಸುವುದು ಅದು. ಹೃದಯಕ್ಕಾದರೆ ತನ್ನದೇ ಮಿಡಿತವಿದೆ. ವೆಂಟಿಲೇಟರ್ ಗಾಳಿ ತುಂಬುತ್ತಿರುವಷ್ಟು ಹೊತ್ತು ಅದು ಬಡಿಯುತ್ತಲೇ ಇರುತ್ತದೆ, ಮೈ ಬೆಚ್ಚಗಿರುತ್ತದೆ. ಕೋಮಾದಲ್ಲಿರುವವರ ಮಿದುಳು ಕಾಂಡ ಕೆಲಸ ಮಾಡುತ್ತಿರುತ್ತದೆ, ಅವರಲ್ಲಿ ಕೆಲವರು ಎಚ್ಚರಗೊಳ್ಳುತ್ತಾರೆ. ಮಿದುಳು ಕಾಂಡ ಸತ್ತವರು ಎಚ್ಚರಗೊಳ್ಳುವುದಿಲ್ಲ.

ಇದನ್ನು ತಿಳಿಯಲು ಮಾಡುವ ಪರೀಕ್ಷೆಗಳು ಹಾಸಿಗೆಯ ಪಕ್ಕದಲ್ಲೇ ನಡೆಯುತ್ತವೆ. ಕಣ್ಣಿಗೆ ಟಾರ್ಚ್ ಬೆಳಕು ಬಿಟ್ಟಾಗ ಪಾಪೆ ಕುಗ್ಗುತ್ತದೆಯೇ, ಕಣ್ಣಿನ ಮೇಲ್ಪದರಕ್ಕೆ ಹತ್ತಿ ಮುಟ್ಟಿಸಿದರೆ ರೆಪ್ಪೆ ಮಿಟುಕುತ್ತದೆಯೇ, ಕಿವಿಗೆ ತಣ್ಣೀರು ಬಿಟ್ಟಾಗ ಕಣ್ಣು ಚಲಿಸುತ್ತದೆಯೇ, ಶ್ವಾಸನಾಳಕ್ಕೆ ಸಣ್ಣ ಕೊಳವೆ ಇಳಿಸಿದರೆ ಕೆಮ್ಮು ಬರುತ್ತದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಕೊನೆಯದು ಉಸಿರಿನ ಪರೀಕ್ಷೆ, ಆಪ್ನಿಯಾ ಟೆಸ್ಟ್. ಮೊದಲು ಚೆನ್ನಾಗಿ ಆಮ್ಲಜನಕ ಕೊಟ್ಟು ನಂತರ ವೆಂಟಿಲೇಟರ್ ಬಿಡಿಸುತ್ತಾರೆ. ಸಣ್ಣ ನಳಿಕೆಯಲ್ಲಿ ಆಮ್ಲಜನಕ ಹೋಗುತ್ತಲೇ ಇರುತ್ತದೆ. ಎಂಟು ಹತ್ತು ನಿಮಿಷ ಎದೆ, ಹೊಟ್ಟೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ಉಸಿರಾಡದಿದ್ದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಸುಮಾರು 40ರಲ್ಲಿದ್ದ ಅದರ ಅಳತೆ 60 ದಾಟಿದರೂ ಒಂದೇ ಒಂದು ಉಸಿರು ಬರದಿದ್ದರೆ, ಉಸಿರಾಡಿಸುವ ಕೇಂದ್ರ ಉಳಿದಿಲ್ಲವೆಂದು ಅರ್ಥ. ನಡುವೆ ರಕ್ತದೊತ್ತಡ ಕುಸಿದರೆ ಪರೀಕ್ಷೆಯನ್ನು ನಿಲ್ಲಿಸುತ್ತಾರೆ. ಅರ್ಧಕ್ಕೆ ನಿಂತ ಪರೀಕ್ಷೆಯನ್ನು ಸಾವಿನ ಸಾಕ್ಷಿ ಎಂದು ಹಿಡಿಯುವಂತಿಲ್ಲ.

1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರು ‘ನಮೂನೆ 10’ರಲ್ಲಿ ಸಹಿ ಮಾಡಬೇಕು. ವಯಸ್ಕರಿಗೆ ಕನಿಷ್ಠ 6 ಗಂಟೆ ಬಿಟ್ಟು ಎಲ್ಲ ಪರೀಕ್ಷೆಗಳನ್ನೂ ಇನ್ನೊಮ್ಮೆ ಮಾಡಬೇಕು.

ಮನೆಯವರ ಪಾಲು ನಿಜವಾಗಿ ಇರುವುದು ಪರೀಕ್ಷೆಗೂ ಮೊದಲು. ಕಾರಣ ಖಚಿತವಾಗದೆ ಈ ಪರೀಕ್ಷೆ ಶುರುವಾಗಬಾರದು, ಏಕೆಂದರೆ ಮಿದುಳು ಕಾಂಡದ ಸಾವಿನಂತೆಯೇ ಕಾಣುವ, ಆದರೆ ವಾಸಿಯಾಗುವ ಸ್ಥಿತಿಗಳಿವೆ. ನಮ್ಮ ಹಳ್ಳಿಗಳಿಗೆ ಹತ್ತಿರದ ಉದಾಹರಣೆ ಕಟ್ಟುಹಾವಿನ ಕಡಿತ. ನೆಲದಲ್ಲಿ ಮಲಗಿದವರಿಗೆ ರಾತ್ರಿ ಕಚ್ಚುತ್ತದೆ, ಗಾಯದ ಗುರುತೂ ಸರಿಯಾಗಿ ಕಾಣುವುದಿಲ್ಲ. ಅದರ ವಿಷಕ್ಕೆ ಪಾಪೆ ಸ್ಪಂದಿಸದು, ಕೈಕಾಲು ಆಡದು, ಉಸಿರೂ ನಿಲ್ಲುತ್ತದೆ. ಹಾಗಿದ್ದೂ ವೆಂಟಿಲೇಟರ್ ಮೇಲಿದ್ದು ಎದ್ದು ಮನೆಗೆ ನಡೆದವರಿದ್ದಾರೆ. ಕೀಟನಾಶಕ ಸೇವನೆ, ನಿದ್ದೆ ಮಾತ್ರೆ, ಫಿಟ್ಸ್‌ಗೆ ಕೊಟ್ಟ ಔಷಧಿ, ತೀರಾ ತಣ್ಣಗಾದ ಮೈ ಇವೂ ದಾರಿ ತಪ್ಪಿಸಬಲ್ಲವು. ಆದ್ದರಿಂದ ‘ಮರ್ಯಾದೆ ಹೋಗುತ್ತದೆ’ ಎಂದು ಯಾವುದನ್ನೂ ಮುಚ್ಚಿಡಬಾರದು. ರಾತ್ರಿ ಎಲ್ಲಿ ಮಲಗಿದ್ದರು, ಯಾವ ಮಾತ್ರೆ ನುಂಗುತ್ತಿದ್ದರು ಎಂಬುದನ್ನು ವೈದ್ಯರಿಗೆ ಹೇಳಿ.

ಇಷ್ಟನ್ನೂ ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ. ಊರಿನಿಂದ ಚಿಕ್ಕಪ್ಪ ಬರುತ್ತಾರೆ, ಮುಂಬೈನಿಂದ ಅಕ್ಕ ಫೋನ್ ಮಾಡುತ್ತಾರೆ, ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕು. ಅದಕ್ಕೇ ಆಸ್ಪತ್ರೆಯಿಂದ ಒಂದು ಪತ್ರ ಕೇಳಿ ಪಡೆಯುವುದು ಒಳ್ಳೆಯದು. ತಲೆಗೆ ಪೆಟ್ಟಾದ ಹಿರಿಯರೊಬ್ಬರ ವಿಷಯದಲ್ಲಿ ಆ ಪತ್ರ ಹೀಗಿರಬಹುದು:

‘ನಮಸ್ಕಾರ. ನಿಮ್ಮ ತಂದೆಯವರ ಮಿದುಳಿನಲ್ಲಿ ರಕ್ತಸ್ರಾವವಾಗಿ ಬಹಳ ಊತ ಬಂದಿದೆ. ಶಸ್ತ್ರಚಿಕಿತ್ಸೆಯ ನಂತರವೂ ಅದು ಇಳಿದಿಲ್ಲ. ನಿದ್ದೆ ಬರಿಸುವ ಔಷಧಿಗಳನ್ನು ನಿಲ್ಲಿಸಿ, ಅವುಗಳ ಪರಿಣಾಮ ಹೋಗುವವರೆಗೆ ಕಾದಿದ್ದೇವೆ. ಮಿದುಳು ಕಾಂಡ ಕೆಲಸ ಮಾಡುತ್ತಿದೆಯೇ ಎಂದು ಇಂದು ಬೆಳಗ್ಗೆ 10ಕ್ಕೆ ಪರೀಕ್ಷಿಸುತ್ತೇವೆ. ಅದರಲ್ಲಿ ಯಾವ ಸ್ಪಂದನೆಯೂ ಕಾಣದಿದ್ದರೆ ಸಂಜೆ 5ಕ್ಕೆ ಮತ್ತೆ ಪರೀಕ್ಷಿಸುತ್ತೇವೆ. ಎರಡರ ನಡುವೆ ಚಿಕಿತ್ಸೆ ಕಡಿಮೆಯಾಗುವುದಿಲ್ಲ. ನಿಮ್ಮಲ್ಲಿ ಒಬ್ಬರು ಬಂದು ನಿಂತು ನೋಡಬಹುದು. ಕೈ ಬೆರಳು ಅಥವಾ ಕಾಲು ಅದುರಬಹುದು. ಅದು ಬೆನ್ನುಹುರಿಯಿಂದ ಬರುವ ಚಲನೆ, ಎಚ್ಚರದ ಗುರುತಲ್ಲ. ಎರಡೂ ಪರೀಕ್ಷೆಗಳಲ್ಲಿ ಸ್ಪಂದನೆ ಇಲ್ಲದಿದ್ದರೆ ನಿಮ್ಮ ತಂದೆಯವರು ತೀರಿಕೊಂಡಿದ್ದಾರೆ ಎಂದೇ ಅರ್ಥ. ನಾವು ಬೇರೆ ಪದ ಬಳಸುವುದಿಲ್ಲ. ಈ ಪತ್ರ ಪರೀಕ್ಷೆಗೆ ಸಂಬಂಧಿಸಿದ್ದು ಮಾತ್ರ.’

ಈ ಪತ್ರದಲ್ಲಿ ದಾನ ಎಂಬ ಶಬ್ದವೇ ಇಲ್ಲ, ಇರಲೂಬಾರದು. ಆಸ್ಪತ್ರೆಯವರು ಆ ವಿಷಯ ಕೇಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದನ್ನು ಎರಡನೆಯ ಪರೀಕ್ಷೆ ಮುಗಿದು, ಸಾವಿನ ಸುದ್ದಿ ಮನಸ್ಸಿಗೆ ಇಳಿದ ಮೇಲೆ, ಬೇರೆ ಹೊತ್ತಿನಲ್ಲಿ, ಸಾಧ್ಯವಾದರೆ ಬೇರೆಯವರೇ ಕೇಳಲಿ. ಮೊದಲೇ ಎತ್ತಿದರೆ ‘ಪರೀಕ್ಷೆಗಳು ಮುಗಿಯಲಿ’ ಎನ್ನಬಹುದು. ನಿಮ್ಮ ಉತ್ತರ ಹೌದಾದರೂ ಅಲ್ಲವಾದರೂ ಪರೀಕ್ಷೆಯ ಫಲಿತಾಂಶ ಅದೇ.

ಪತ್ರದ ಜೊತೆ ಕೇಸ್ ಶೀಟಿನಲ್ಲಿ ಒಂದು ಟಿಪ್ಪಣಿ ಇರಬೇಕು: ಯಾವ ವೈದ್ಯರು, ಎಷ್ಟು ಗಂಟೆಗೆ, ಮನೆಯವರಲ್ಲಿ ಯಾರಿಗೆ ಏನು ತಿಳಿಸಿದರು, ಅವರು ಏನು ಕೇಳಿದರು. ಮನೆಯವರೂ ಒಂದು ಹಾಳೆಯಲ್ಲಿ ಇದನ್ನೇ ಬರೆದಿಟ್ಟುಕೊಳ್ಳಲಿ. ಮಾತಾಡಲು ಒಬ್ಬರನ್ನೇ ಗೊತ್ತುಮಾಡಿಕೊಂಡರೆ ಗೊಂದಲ ಅರ್ಧ ಇಳಿಯುತ್ತದೆ.

ಕೆಲವು ಹಿರಿಯರು ಈ ಹೊತ್ತಿನಲ್ಲಿ ಸಲ್ಲೇಖನದ ಮಾತೆತ್ತುತ್ತಾರೆ. ಅದು ಎಚ್ಚರವಿರುವವರು ತಾವೇ ಸ್ವೀಕರಿಸುವ ವ್ರತ, ಇಲ್ಲಿಗೆ ಅನ್ವಯಿಸುವುದಿಲ್ಲ. ಹಾಸಿಗೆಯ ಬಳಿ ಣಮೋಕಾರ ಹೇಳಲು ಮಾತ್ರ ಪರೀಕ್ಷೆ ಮುಗಿಯುವವರೆಗೆ ಕಾಯಬೇಕಿಲ್ಲ.

ದಾನ ಬೇಡವೆಂದರೆ ಮುಂದೇನು ಎಂಬಲ್ಲಿ ನಮ್ಮ ಕಾನೂನು ಸೊರಗಿದೆ. ಮಿದುಳು ಕಾಂಡದ ಸಾವನ್ನು ಹೇಳುವುದು ಕಸಿ ಕಾಯ್ದೆ ಮಾತ್ರ. ಕೇರಳ 2020ರಲ್ಲಿ ಆದೇಶ ಹೊರಡಿಸಿ, ದಾನ ಇರಲಿ ಬಿಡಲಿ, ಸಾವನ್ನು ದೃಢೀಕರಿಸಿ ವೆಂಟಿಲೇಟರ್ ತೆಗೆಯಬಹುದು ಎಂದಿತು. ನಮ್ಮಲ್ಲಿ ಬಹಳ ಕಡೆ ಹೃದಯ ನಿಲ್ಲುವವರೆಗೆ ಕಾಯುತ್ತಾರೆ. ಸಾಮಾನ್ಯವಾಗಿ ಅದು ಕೆಲವು ಗಂಟೆಯಿಂದ ಕೆಲವು ದಿನ. ಬದುಕುವ ಆಸೆ ಇಲ್ಲದ ರೋಗಿಗಳ ಯಂತ್ರದ ನೆರವು ನಿಲ್ಲಿಸಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿದೆ. ಅದರಂತೆ ಎರಡು ವೈದ್ಯ ಮಂಡಳಿಗಳ ಅಭಿಪ್ರಾಯ ಮತ್ತು ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು. ಹೃದಯ ನಿಲ್ಲುವವರೆಗೆ ಕಾದಲ್ಲಿ ಮರಣ ಪತ್ರದಲ್ಲಿ ಆ ಗಳಿಗೆಯೇ ನಮೂದಾಗಬಹುದು. ಸೂತಕ, ತಿಥಿಗಳ ಲೆಕ್ಕಕ್ಕೆ ಇದು ಬೇಕಾಗುವುದರಿಂದ, ಯಾವ ಸಮಯ ಬರೆಯುತ್ತಾರೆ ಎಂದು ಎರಡನೆಯ ಪರೀಕ್ಷೆಯ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.