ಮ್ಯಾನೇಜರ್ ಬರೆದದ್ದು ನಾಲ್ಕು, ಕೈಗೆ ಬಂದದ್ದು ಮೂರು

ಅಪ್ರೈಸಲ್ ಫಾರ್ಮಿನಲ್ಲಿ ‘ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್’ ಎಂದು ಕಂಡರೆ ಅನೇಕರ ಮುಖ ಸಪ್ಪಗಾಗುತ್ತದೆ. ಐದಕ್ಕೆ ಮೂರು ಎಂದರೆ ಶಾಲೆಯ ಲೆಕ್ಕದಲ್ಲಿ ನೂರಕ್ಕೆ ಅರವತ್ತು ತಾನೆ! ಆದರೆ ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ವಹಿಸಿದ ಕೆಲಸವನ್ನು ಪೂರ್ತಿ ಮಾಡಿದ್ದೀರಿ ಎಂಬುದೇ ಮೂರರ ಅರ್ಥ. ಗುರಿ ದಾಟಿದವರಿಗೆ ನಾಲ್ಕು, ಅಂದರೆ ‘ಎಕ್ಸೀಡ್ಸ್’. ಐದು ಅಪರೂಪ. ನಿಜವಾಗಿ ಎಚ್ಚರಾಗಬೇಕಾದದ್ದು ‘ನೀಡ್ಸ್ ಇಂಪ್ರೂವ್‌ಮೆಂಟ್’ ಬಂದಾಗ. ಕೆಲವು ಕಂಪನಿಗಳಲ್ಲಿ ಒಂದೇ ಅತ್ಯುತ್ತಮ ಅಂಕ, ಹಾಗಾಗಿ ಫಾರ್ಮಿನಲ್ಲಿರುವ ವಿವರಣೆಯನ್ನು ಮೊದಲು ಓದಿಕೊಳ್ಳಿ.

ಹೆಚ್ಚು ಗೊಂದಲ ಹುಟ್ಟಿಸುವುದು ಕೊನೆಯಲ್ಲಿರುವ ‘ಫೈನಲ್ ರೇಟಿಂಗ್ ಪೋಸ್ಟ್ ಕ್ಯಾಲಿಬ್ರೇಷನ್’ ಎಂಬ ಸಾಲು. ನಿಮ್ಮ ಮ್ಯಾನೇಜರ್ ಕೊಡುವುದು ಶಿಫಾರಸು ಮಾತ್ರ. ಆಮೇಲೆ ವಿಭಾಗದ ಮ್ಯಾನೇಜರುಗಳೆಲ್ಲ ಎಚ್‌ಆರ್ ಜೊತೆ ಕೂತು, ಎಲ್ಲರ ಅಂಕಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಒಬ್ಬರು ಧಾರಾಳಿ, ಇನ್ನೊಬ್ಬರು ಬಿಗಿ ಕೈಯವರು. ಆ ವ್ಯತ್ಯಾಸ ನೌಕರರ ತಲೆಗೆ ಬರಬಾರದು ಎಂಬುದು ಇದರ ಉದ್ದೇಶ. ಉದ್ದೇಶ ನ್ಯಾಯವಾದದ್ದೇ.

ತೊಂದರೆ ಬರುವುದು ಇದಕ್ಕೆ ಬೆಲ್ ಕರ್ವ್ ಸೇರಿದಾಗ. ನಲವತ್ತು ಜನರ ವಿಭಾಗ ಎಂದುಕೊಳ್ಳಿ. ನಾಲ್ಕು ಮತ್ತು ಅದಕ್ಕಿಂತ ಮೇಲಿನ ಅಂಕ ಶೇ. 20ರಷ್ಟು ಜನರಿಗೆ ಮಾತ್ರ ಎಂಬ ಸೂಚನೆ ಇದ್ದರೆ ಅಲ್ಲಿಗೆ ಎಂಟೇ ಸ್ಥಾನ. ಮ್ಯಾನೇಜರುಗಳು ಒಟ್ಟು ಹದಿನಾಲ್ಕು ಹೆಸರು ತಂದಿದ್ದರೆ ಆರು ಜನ ಮೂರಕ್ಕೆ ಇಳಿಯಲೇಬೇಕು. ಅವರ ಕೆಲಸ ಕೆಟ್ಟಿತೆಂದಲ್ಲ, ಪಕ್ಕದವರ ಸಾಧನೆ ಹೆಚ್ಚು ಕಂಡಿತು ಅಥವಾ ಅವರ ಮ್ಯಾನೇಜರ್ ಹೆಚ್ಚು ಗಟ್ಟಿಯಾಗಿ ವಾದಿಸಿದರು. ಐದಾರು ಜನರ ತಂಡಕ್ಕೂ ಈ ಅಳತೆ ಹೊಂದಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು. ಅಷ್ಟು ಕಡಿಮೆ ಜನರಲ್ಲಿ ಅಂಥ ಹಂಚಿಕೆ ತಾನಾಗಿ ಮೂಡುವುದೇ ಇಲ್ಲ. ನೌಕರರನ್ನು ಹೀಗೆ ಕಡ್ಡಾಯವಾಗಿ ಶ್ರೇಣಿಗೆ ಹಂಚುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು.

ಅಂಕ ಇಳಿದಿದೆಯೇ ಎಂಬುದು ಬರಹದಲ್ಲಿ ಗೊತ್ತಾಗುತ್ತದೆ. ಮ್ಯಾನೇಜರ್ ಅಭಿಪ್ರಾಯದಲ್ಲಿ ‘ಕನ್ಸಿಸ್ಟೆಂಟ್ಲಿ ಎಕ್ಸೀಡೆಡ್’ ಎಂದಿದ್ದು ಅಂಕ ಮಾತ್ರ ಮೂರಾಗಿದ್ದರೆ, ಬದಲಾವಣೆ ಸಭೆಯಲ್ಲಿ ಆಗಿರುವ ಸಾಧ್ಯತೆ ಹೆಚ್ಚು. ‘ರಿಲೇಟಿವ್ ಟು ಪೀರ್ಸ್’ ಎಂಬ ಮಾತೂ ಅದನ್ನೇ ಸೂಚಿಸುತ್ತದೆ. ಆಗ “ನನಗೇಕೆ ಕಡಿಮೆ?” ಎನ್ನುವ ಬದಲು, “ಸರ್, ನೀವು ಶಿಫಾರಸು ಮಾಡಿದ್ದು ಎಷ್ಟು? ಸಭೆಯಲ್ಲಿ ಯಾವ ಕೆಲಸಕ್ಕೆ ಆಧಾರ ಸಾಲಲಿಲ್ಲ?” ಎಂದು ಕೇಳಿ.

ಆ ಸಭೆಯಲ್ಲಿ ಒಬ್ಬೊಬ್ಬರ ಹೆಸರಿಗೆ ಸಿಗುವುದು ಕೆಲವೇ ನಿಮಿಷ. ‘ತುಂಬಾ ಶ್ರಮಪಟ್ಟೆ’ ಎಂಬ ಸಾಲು ಅಲ್ಲಿ ನಿಲ್ಲುವುದಿಲ್ಲ. ‘ಬಿಲ್ ಪಾಸಾಗಲು ಒಂಬತ್ತು ದಿನ ಹಿಡಿಯುತ್ತಿತ್ತು, ಈಗ ನಾಲ್ಕು’ ಎಂಬುದು ನಿಲ್ಲುತ್ತದೆ. ಆದ್ದರಿಂದ ಸೆಲ್ಫ್ ಅಪ್ರೈಸಲ್ ಬರೆಯುವಾಗ ಪ್ರತಿ ಗುರಿಯ ಕೆಳಗೂ ಇಂಥ ಒಂದು ಲೆಕ್ಕವಿರಲಿ.

ಕೊನೆಗೆ ‘ಅಕ್ನಾಲೆಜ್’ ಬಟನ್ ಒತ್ತುವುದೆಂದರೆ ಸಾಮಾನ್ಯವಾಗಿ ನೋಡಿದ್ದೇನೆ ಎಂದಷ್ಟೇ, ಒಪ್ಪಿದ್ದೇನೆ ಎಂದಲ್ಲ. ಒಪ್ಪಿಗೆ ಇಲ್ಲದಿದ್ದರೆ ಅದನ್ನು ಒತ್ತುವ ಮುಂಚೆಯೇ ನೌಕರರ ಅಭಿಪ್ರಾಯದ ಜಾಗದಲ್ಲಿ ಕಾರಣ ಸಹಿತ ಬರೆಯಿರಿ. ಫಾರ್ಮ್ ಮುಚ್ಚಿದ ಮೇಲೆ ತಿದ್ದಲು ಬಿಡುವುದು ಕಡಿಮೆ.