ಎರಡು ರೆಂಡರ್‌ಗಳ ನಡುವೆ ಕಳೆದುಹೋಗುವ ನೆಲ

ಇನ್ನೂ ಕಟ್ಟದ ಮನೆಯೊಳಗೆ ಓಡಾಡಿದಂತೆ ತೋರಿಸುವ ಇಪ್ಪತ್ತು ಸೆಕೆಂಡಿನ ವಿಡಿಯೊಗೆ, ಸೆಕೆಂಡಿಗೆ 24ರಂತೆ, 480 ಚಿತ್ರ ಬೇಕು. ಒಂದೊಂದನ್ನು ರೆಂಡರ್ ಮಾಡಲು ಹತ್ತು ನಿಮಿಷ ಹಿಡಿದರೆ ಕಂಪ್ಯೂಟರ್ 80 ಗಂಟೆ ಬಿಡುವಿಲ್ಲದೆ ದುಡಿಯಬೇಕು. ಅಷ್ಟು ಕಾಯಲಾಗದ ವಿನ್ಯಾಸಕರು ಐದಾರು ರೆಂಡರ್‌ಗಳನ್ನಷ್ಟೇ ತೆಗೆದು, ನಡುವಿನ ಚಲನೆಯನ್ನು ಕ್ಲಿಂಗ್, ಲೂಮಾದಂಥ ಎಐ ವಿಡಿಯೊ ಸಾಧನಗಳಿಗೆ ಒಪ್ಪಿಸುತ್ತಾರೆ. ಮೊದಲ ಚಿತ್ರ, ಕೊನೆಯ ಚಿತ್ರ ಎರಡನ್ನೂ ಕೊಟ್ಟರೆ ಸಾಧನ ನಡುವಿನದನ್ನು ತುಂಬುತ್ತದೆ.

ಎಡವಟ್ಟಾಗುವುದು ಈ ತುಂಬುವಲ್ಲೇ. ಐದು ಸೆಕೆಂಡಿನ ತುಣುಕಿನ 120 ಚಿತ್ರಗಳಲ್ಲಿ ವಿನ್ಯಾಸಕರು ಕೊಟ್ಟದ್ದು ಎರಡೇ. ಉಳಿದ 118 ಊಹೆ. ಮನೆಯ ತ್ರಿಆಯಾಮದ ನಕ್ಷೆಯಾಗಲಿ, ನೆಲಕ್ಕೆ ಯಾವ ಕಲ್ಲು ಎಂಬುದಾಗಲಿ ಸಾಧನಕ್ಕೆ ತಿಳಿಯದು. ಅದು ನೋಡುವುದು ಬಣ್ಣದ ಚುಕ್ಕಿಗಳನ್ನು ಮಾತ್ರ.

ಹಜಾರದಿಂದ ಅಡುಗೆಮನೆಗೆ ಹೋಗುವ ದೃಶ್ಯವನ್ನೇ ನೋಡೋಣ. ಹಜಾರಕ್ಕೆ ಕೆಂಪು ಗಾರೆ ನೆಲ, ಅಡುಗೆಮನೆಗೆ ಕರಿ ಗ್ರಾನೈಟ್ ಕಟ್ಟೆ, ನಡುವೆ ತೇಗದ ಬಾಗಿಲು. ಈ ಎರಡು ಕೋಣೆಗಳ ಚಿತ್ರಗಳನ್ನಷ್ಟೇ ಕೊಟ್ಟರೆ ಎರಡರಲ್ಲೂ ಕಾಣುವ ವಸ್ತು ಯಾವುದೂ ಇರುವುದಿಲ್ಲ. ಆಗ ಗೋಡೆ ಕರಗಿ ಕಪಾಟಾಗುತ್ತದೆ, ತೇಗದ ಎಳೆಗಳು ನೀರಿನಂತೆ ಹರಿಯುತ್ತವೆ. ‘ತೇಗದ ಬಾಗಿಲು, ಕೆಂಪು ನೆಲ’ ಎಂದು ಬರೆದು ವಿವರಿಸಿದರೆ ಪ್ರಯೋಜನ ಕಡಿಮೆ, ಕೆಲವೊಮ್ಮೆ ಕೆಡುಕೇ ಹೆಚ್ಚು: ಆ ಮಾತನ್ನು ಹಿಡಿದು ಸಾಧನ ತನ್ನದೇ ತೇಗವನ್ನು ತಂದಿಡಬಹುದು. ಬರೆಯಬೇಕಾದದ್ದು ಕ್ಯಾಮೆರಾದ ನಡೆ ಮಾತ್ರ:

```
slow dolly forward, static scene, constant lighting
```

ನಿಜವಾದ ಪರಿಹಾರ ಇನ್ನೊಂದು ರೆಂಡರ್. ಬಾಗಿಲ ಹೊಸ್ತಿಲಲ್ಲಿ ನಿಂತು, ಹಿಂದಿನ ನೆಲವೂ ಮುಂದಿನ ಕಟ್ಟೆಯೂ ಕಾಣುವಂತೆ ಅದನ್ನು ತೆಗೆಯಬೇಕು. ಅಕ್ಕಪಕ್ಕದ ಎರಡು ಚಿತ್ರಗಳಲ್ಲಿ ಅರ್ಧದಷ್ಟಾದರೂ ದೃಶ್ಯ ಸಮಾನವಾಗಿದ್ದರೆ ಊಹೆಗೆ ಜಾಗ ಕುಗ್ಗುತ್ತದೆ. ಎಲ್ಲ ರೆಂಡರ್‌ಗಳಿಗೂ ಲೆನ್ಸ್, ಕಣ್ಣಿನ ಎತ್ತರ, ಸೂರ್ಯನ ಕೋನ ಒಂದೇ ಇರಲಿ. ಆಟೋ ಎಕ್ಸ್‌ಪೋಷರ್ ನಿಲ್ಲಿಸಲೇಬೇಕು, ಇಲ್ಲವಾದರೆ ಅದೇ ಗಾರೆ ಒಂದೆಡೆ ಕೆಂಪಾಗಿ ಇನ್ನೊಂದೆಡೆ ಇಟ್ಟಿಗೆ ಬಣ್ಣವಾಗಿ ಕಾಣುತ್ತದೆ.

ತುಣುಕುಗಳನ್ನು ಹೆಣೆಯುವಾಗ ಹಲವರು ಸೋಮಾರಿತನ ಮಾಡುವುದುಂಟು. ಸಾಧನ ಕೊಟ್ಟ ತುಣುಕಿನ ಕೊನೆಯ ಚಿತ್ರವನ್ನೇ ಮುಂದಿನದಕ್ಕೆ ಆರಂಭವಾಗಿ ಇಡುತ್ತಾರೆ. ನೆರಳಚ್ಚಿನ ನೆರಳಚ್ಚಿನಂತೆ ವಿವರ ಪ್ರತಿ ಸಲವೂ ಸವೆಯುತ್ತದೆ. ಪ್ರತಿ ತುಣುಕೂ ಮೂಲ ರೆಂಡರ್‌ನಿಂದಲೇ ಹೊರಟು ಮೂಲ ರೆಂಡರ್‌ನಲ್ಲೇ ಮುಗಿಯಬೇಕು. ಜೋಡಣೆಯಲ್ಲಿ ಎರಡು ಸಲ ಬರುವ ಒಂದೇ ಚಿತ್ರದಲ್ಲಿ ಒಂದನ್ನು ತೆಗೆದುಹಾಕಿದರೆ ನಡಿಗೆ ತಡವರಿಸುವುದು ತಗ್ಗುತ್ತದೆ.

ಕೆಟ್ಟಿದೆಯೋ ಇಲ್ಲವೋ ತಿಳಿಯಲು ವಿಡಿಯೊ ಓಡಿಸಿ ನೋಡಿದರೆ ಸಾಲದು, ಚಲನೆ ತಪ್ಪನ್ನು ಮುಚ್ಚಿಬಿಡುತ್ತದೆ. ಪ್ರತಿ ತುಣುಕಿನ ನಟ್ಟನಡುವೆ ನಿಲ್ಲಿಸಿ ಎಣಿಸಬೇಕು: ಕಿಟಕಿಗೆ ಸರಳು ಎಷ್ಟು, ಗೋಡೆಯಲ್ಲಿ ಟೈಲ್ ಸಾಲು ಎಷ್ಟು? ಸಂಖ್ಯೆ ಬದಲಾಗಿದ್ದರೆ ಅಲ್ಲೊಂದು ರೆಂಡರ್ ಕಡಿಮೆಯಾಗಿದೆ ಎಂದೇ ಅರ್ಥ.

ಹೊಳೆಯುವ ಗ್ರಾನೈಟ್, ಕನ್ನಡಿಗಳ ಪ್ರತಿಬಿಂಬ ಮಾತ್ರ ಇಷ್ಟೆಲ್ಲ ಮಾಡಿದರೂ ಪೂರ್ತಿ ನಿಲ್ಲದು. ಕಲ್ಲಿನ ಆಯ್ಕೆಗೆ ಮನೆಯವರ ಒಪ್ಪಿಗೆ ಬೇಕಿದ್ದರೆ ವಿಡಿಯೊ ಬದಿಗಿಟ್ಟು ಮೂಲ ರೆಂಡರ್ ತೋರಿಸುವುದೇ ಸರಿ.